ಬಲಗಡೆಯಿಂದ ಕಟ್ಟಿದ ಕಂಬಗಳು

ಜೇವರ್ಗಿಯ ಒಂದು ಶಾಲೆಯ ಸುಣ್ಣದ ಗೋಡೆಯ ಮೇಲೆ ಮೂರು ಕಂಬಗಳ ನಕ್ಷೆ ಬೆಳಕಾಗಿ ಬಿದ್ದಿತ್ತು. ಎಡಗಡೆ ಆಳಂದದ ಕಂಬ, ಅದು ಗಿಡ್ಡ. ನಡುವೆ ಅಫಜಲಪುರದ್ದು. ಬಲಗಡೆ ಜೇವರ್ಗಿಯದು, ಎಲ್ಲಕ್ಕಿಂತ ಎತ್ತರ. ನಕ್ಷೆಯ ಪಕ್ಕದಲ್ಲಿ ನಿಂತಿದ್ದ ಮಾಸ್ತರರು ಕೈಯಲ್ಲಿದ್ದ ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸುತ್ತ, ಎದುರಿಗೆ ಕುಳಿತ ಜೇವರ್ಗಿ ತಾಲ್ಲೂಕಿನ ಮುಖ್ಯ ಶಿಕ್ಷಕರಿಗೆ, ಮೂರು ತಾಲ್ಲೂಕಿನಲ್ಲಿ ನೀವೇ ಹಿಂದೆ ಉಳಿದಿದ್ದೀರಿ, ಆಳಂದದವರು ನಿಮಗಿಂತ ಎಷ್ಟೋ ಮುಂದೆ ಇದ್ದಾರೆ ಎಂದು ಹೇಳುತ್ತಿದ್ದರು. ನಾನು ಪ್ರೊಜೆಕ್ಟರಿನ ಪಕ್ಕದಲ್ಲಿ ಮುಂದಿನ ಪಾರದರ್ಶಕ ಹಾಳೆ ಹಿಡಿದು ನಿಂತಿದ್ದೆ. ನನಗೆ ಎರಡು ಕಣ್ಣುಗಳಿದ್ದವು. ಗೋಡೆ ಕಾಣುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

ಇದನ್ನು ಹಲವು ಸಲ ಬರೆಯಲು ಕುಳಿತು ಎದ್ದಿದ್ದೇನೆ. ಈ ಸಲ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮವೇ ಈ ಕತೆಯ ಮುಖ್ಯ ಸಂಗತಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪ್ರೌಢಶಾಲೆಯ ಶಿಕ್ಷಕಿ. ಆಳಂದದಲ್ಲಿದ್ದ ಶಿಕ್ಷಕರ ತರಬೇತಿ ಕೇಂದ್ರವೊಂದಕ್ಕೆ ನನ್ನನ್ನು ಎರವಲಾಗಿ ಹಾಕಿದ್ದರು. ಎರಡು ಕೋಣೆ, ಒಂದು ಹಜಾರ, ಕಂಪ್ಯೂಟರಿನ ಮೇಲೆ ಹೊದಿಸಿದ ಹೂವಿನ ಬಟ್ಟೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಿಗೆ ಪುಸ್ತಕಗಳ ಪೆಟ್ಟಿಗೆ ಕಳಿಸುವ ಕೆಲಸ ನಮ್ಮ ಕೇಂದ್ರದ್ದು. ಪೆಟ್ಟಿಗೆ ಕಳಿಸಿದರೆ ಆಗಲಿಲ್ಲ, ವಾರಕ್ಕೊಮ್ಮೆಯಾದರೂ ಅದನ್ನು ತೆಗೆದು ಮಕ್ಕಳ ಕೈಗೆ ಪುಸ್ತಕ ಕೊಡಬೇಕು. ಬಹಳ ಶಾಲೆಗಳಲ್ಲಿ ಪೆಟ್ಟಿಗೆಯ ಬೀಗ ತೆಗೆಯುತ್ತಿರಲಿಲ್ಲ. ಪುಸ್ತಕ ಹರಿದರೆ ಯಾರು ಜವಾಬು ಕೊಡುವವರು ಎಂಬ ಹೆದರಿಕೆ. ಆ ಹೆದರಿಕೆ ಬಿಡಿಸಲು ಊರೂರಿಗೆ ಹೋಗಿ ಶಿಕ್ಷಕರಿಗೆ ತರಬೇತಿ ಕೊಡುವವರು ಬೇಕಾಗಿದ್ದರು.

ಆ ಕೆಲಸಕ್ಕೆ ಬಂದವರು ಈ ಮಾಸ್ತರರು. ಅಫಜಲಪುರ ತಾಲ್ಲೂಕಿನ ಅತನೂರ ಕಡೆಯವರು, ಒಕ್ಕಲುತನದ ಮನೆ. ಹುಟ್ಟಿನಿಂದ ಕಣ್ಣು ಕಾಣದು. ಬಿ.ಎ., ಬಿ.ಎಡ್. ಮುಗಿಸಿದ್ದರು. ಆದರೂ ಮೊದಲಿದ್ದ ಶಾಲೆಯಲ್ಲಿ ಅವರಿಗೆ ಒಂದು ತರಗತಿಯನ್ನೂ ಕೊಟ್ಟಿರಲಿಲ್ಲ. ನಾಲ್ಕು ವರ್ಷ ಅವರು ವರಾಂಡದಲ್ಲಿ ಕುಳಿತು ಶಾಲೆಯ ಕುರ್ಚಿಗಳಿಗೆ ಬೆತ್ತ ಹೆಣೆದಿದ್ದರು. ನಮ್ಮಲ್ಲಿ ಅವರಿಗೆ ಆರು ತಿಂಗಳ ಪರೀಕ್ಷಾ ಅವಧಿ. ಕೊನೆಯಲ್ಲಿ ಕೇಂದ್ರದ ಮುಖ್ಯಸ್ಥರಾದ ನಮ್ಮ ಸಾಹೇಬರು ಒಳ್ಳೆಯ ವರದಿ ಬರೆದರೆ ಅವರು ತರಬೇತುದಾರರಾಗಿ ಕಾಯಂ ಆಗುತ್ತಿದ್ದರು. ಇಲ್ಲದಿದ್ದರೆ ಮತ್ತೆ ಅದೇ ವರಾಂಡ, ಅದೇ ಬೆತ್ತ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತರಬೇತಿಗೆ ಒಂದು ಸ್ಲೈಡುಗಳ ಕಟ್ಟು ಮೊದಲೇ ಸಿದ್ಧವಿತ್ತು. ಕಂಪ್ಯೂಟರಿನಲ್ಲಿ ಮಾಡಿ, ಪಾರದರ್ಶಕ ಹಾಳೆಗಳ ಮೇಲೆ ಮುದ್ರಿಸಿ, ಗೋಡೆಗೆ ಬೆಳಕು ಬಿಟ್ಟು ತೋರಿಸುವುದು. ಮೇಲಿನ ಕಚೇರಿಗೂ ಅದೇ ಕಟ್ಟು ಹೋಗಬೇಕಾದ್ದರಿಂದ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು, ನಾವು ಮಾತು ಕನ್ನಡದಲ್ಲಿ ಆಡುತ್ತಿದ್ದೆವು. ಮಾಸ್ತರರು ತಮ್ಮೊಂದಿಗೆ ಒಂದು ಸಾಫ್ಟ್‌ವೇರ್ ತಂದಿದ್ದರು. ಪರದೆಯ ಮೇಲಿನ ಬರಹವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಟ್ಯಾಬ್ ಕೀಲಿ ಒತ್ತಿದಂತೆ ಸ್ಲೈಡಿನ ಮೇಲಿನ ಒಂದೊಂದೇ ವಸ್ತುವಿಗೆ ಹೋಗಿ, ಅದು ಬರಹವಾಗಿದ್ದರೆ ಓದುತ್ತಿತ್ತು. ಚಿತ್ರವಾಗಿದ್ದರೆ ‘ಪಿಕ್ಚರ್’ ಎಂದು ಸುಮ್ಮನಾಗುತ್ತಿತ್ತು. ಚಿತ್ರದ ಬೆನ್ನಿಗೆ ನಾವು ವಿವರಣೆ ಬರೆದಿಟ್ಟಿದ್ದರೆ ಮಾತ್ರ ಆ ವಿವರಣೆಯನ್ನು ಓದುತ್ತಿತ್ತು. ಅದು ಬಲ್ಲದ್ದು ಇಂಗ್ಲಿಷ್ ಒಂದೇ. ನಮ್ಮ ಕನ್ನಡದ ಅಕ್ಷರಗಳು ಪರದೆಯಲ್ಲಿ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಬರೀ ಇಂಗ್ಲಿಷ್ ಅಕ್ಷರಗಳ ಚೂರುಗಳು. ಅವನ್ನು ಓದಲು ಹೋದರೆ ಹುಚ್ಚು ಹಿಡಿದಂತೆ ಬಡಬಡಿಸುತ್ತಿತ್ತು. ಆಳಂದ ಅನ್ನುವುದನ್ನು ಅದು ‘ಎಲಂಡ್’ ಎಂದು ಅನ್ನುವಾಗಲೆಲ್ಲ ಮಾಸ್ತರರು ನಗುತ್ತಿದ್ದರು.

“ಇದು ವಿಲಾಯತಿ ಆಳಂದ ಅದರಿ ಟೀಚರ್. ಅಲ್ಲಿ ಬಸ್ ಟೈಮಿಗೆ ಬರ್ತಾವಂತ.”

ವಿವರಣೆ ಬರೆಯುವ ಕೆಲಸವನ್ನು ಸಾಹೇಬರು ನನಗೆ ವಹಿಸಿದರು. “ಎರಡು ದಿನದ ಕೆಲಸ ಅದ ಮೇಡಂ. ಒಂದೊಂದು ಚಿತ್ರಕ್ಕ ಒಂದೊಂದು ಲೈನ್ ಬರದ್ ಒಗೀರಿ” ಎಂದರು. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ತೆರೆದ ಕಿಟಕಿಯ ಕೊನೆಯ ಪುಟಕ್ಕೆ ಹೋದರೆ ಅಲ್ಲೊಂದು ಖಾಲಿ ಚೌಕ. ಅದರಲ್ಲಿ ಬರೆಯಬೇಕು. ಬರೆದದ್ದು ಗೋಡೆಯ ಮೇಲೆ ಕಾಣುವುದಿಲ್ಲ, ಮುದ್ರಣದಲ್ಲಿ ಬರುವುದಿಲ್ಲ. ಕಾಣದ್ದಕ್ಕೆ ಇಷ್ಟು ಸಾಕು ಎಂದು ನಾನೂ ಅಂದುಕೊಂಡಿದ್ದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಮೊದಲ ದಿನ ಎಂಟು ಚಿತ್ರಗಳಿಗೆ ಬರೆದೆ. ಒಂದಕ್ಕೆ ‘ಮಕ್ಕಳು ಓದುತ್ತಿರುವ ಸುಂದರ ಚಿತ್ರ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಮಾಸ್ತರರು ಅದನ್ನು ಕೇಳಿ ಕೀಲಿಮಣೆಯಿಂದ ಕೈ ತೆಗೆದರು.

“ಟೀಚರ್, ಚಿತ್ರ ಅಂತ ಮಷೀನೇ ಹೇಳ್ತದ, ನೀವ್ಯಾಕ ಮತ್ತ ಹೇಳ್ತೀರಿ? ಸುಂದರ ಅಂದ್ರಿ. ನೀವು ನೋಡಿ ಖುಷಿಪಟ್ರಿ, ಆತು. ನಂಗೇನ್ ಸಿಕ್ತು? ಎಷ್ಟ್ ಮಕ್ಳು? ಎಲ್ಲಿ ಕುಂತಾರ? ಪುಸ್ತಕ ಯಾರ ಕೈಯಾಗ ಅದ?”

ನಾನು ಮತ್ತೆ ಚಿತ್ರ ನೋಡಿದೆ. ಮೊದಲ ಬಾರಿಗೆ ನೋಡಿದೆ ಎನ್ನುವುದೇ ಸರಿ. ಮುಂದೆ ಬೆಂಚಿನ ಮೇಲೆ ಐದು ಗಂಡುಮಕ್ಕಳು, ಪ್ರತಿಯೊಬ್ಬನ ಕೈಯಲ್ಲಿ ಪುಸ್ತಕ. ಹಿಂದೆ ನೆಲದ ಮೇಲೆ ನಾಲ್ಕು ಹೆಣ್ಣುಮಕ್ಕಳು, ನಾಲ್ವರ ನಡುವೆ ಒಂದೇ ಪುಸ್ತಕ. ಸ್ಲೈಡಿನ ತಲೆಬರಹ ‘ಎಲ್ಲರಿಗೂ ಸಮನಾಗಿ’ ಎಂದಿತ್ತು. ಆ ಕಟ್ಟನ್ನು ನಾನು ಅದೆಷ್ಟೋ ಸಲ ಗೋಡೆಯ ಮೇಲೆ ಹಾಕಿ ತೋರಿಸಿದ್ದೆ. ಕಂಡದ್ದನ್ನು ಹಾಗೆಯೇ ಬರೆದೆ. ಮಾಸ್ತರರು ಕೇಳಿ, “ಈಗ ಕಂಡಿತ್ರಿ” ಎಂದರು. ಆಮೇಲೆ ಎಲ್ಲ ತರಬೇತಿಯಲ್ಲೂ ಅವರು ಆ ಚಿತ್ರಕ್ಕೆ ಬಂದಾಗ, “ಹಿಂದ ನೆಲದ ಮ್ಯಾಲ ಯಾರು ಕುಂತಾರ ಹೇಳ್ರಿ ನೋಡೋಣ” ಎಂದು ಕಣ್ಣಿದ್ದವರನ್ನೇ ಕೇಳುತ್ತಿದ್ದರು.

ಇನ್ನೊಂದು ಸ್ಲೈಡಿನ ಅಂಚಿಗೆ ಹನ್ನೊಂದು ಹೂಗಳ ಸಾಲಿತ್ತು. ಯಂತ್ರ ಪ್ರತಿ ಹೂವಿಗೂ ನಿಂತು ‘ಪಿಕ್ಚರ್, ಪಿಕ್ಚರ್’ ಎಂದು ಹನ್ನೊಂದು ಸಲ ಹೇಳಿದ ಮೇಲೆಯೇ ಮಾತಿಗೆ ಬರುತ್ತಿತ್ತು. “ಹೂವಿಗೇನೂ ಬರೀಬ್ಯಾಡ್ರಿ. ಅವು ಏನೂ ಹೇಳಂಗಿಲ್ಲ. ನನ್ನ ದಾರ್ಯಾಗಿಂದ ತಗೀರಿ” ಎಂದರು. ಹೂಗಳನ್ನು ಎಲ್ಲ ಸ್ಲೈಡಿಗೂ ತಳಹದಿಯಾಗಿರುವ ಮೂಲ ಪುಟಕ್ಕೆ ಸರಿಸಿದೆ. ಗೋಡೆಯ ಮೇಲೆ ಹೂ ಉಳಿಯಿತು, ಟ್ಯಾಬಿನ ದಾರಿಯಿಂದ ಹೋಯಿತು. ಎರಡು ದಿನದ ಕೆಲಸ ಹದಿನೈದು ದಿನ ಹಿಡಿಯಿತು. ಹದಿನೈದನೆಯ ದಿನ ನನಗೆ ಈ ವಿದ್ಯೆ ಬಂದುಬಿಟ್ಟಿತು ಎಂಬ ಸೊಕ್ಕು ಬಂದಿತ್ತು. ತಪ್ಪು ನಡೆದದ್ದು ಆ ದಿನ.

ಉಳಿದಿದ್ದುದು ಪೆಟ್ಟಿಗೆಯ ಸ್ಲೈಡು. ಯಾವ ತಾಲ್ಲೂಕಿನಲ್ಲಿ ಎಷ್ಟು ಶಾಲೆಗಳು ವಾರವಾರ ಪೆಟ್ಟಿಗೆ ತೆಗೆಯುತ್ತಿವೆ ಎಂಬ ಸ್ತಂಭ ನಕ್ಷೆ. ಸಂಖ್ಯೆಗಳನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷಗಳ ಮೇಲೆ ಅವು ನನಗೆ ನಿಖರವಾಗಿ ನೆನಪಿಲ್ಲ. ಯಾವುದು ದೊಡ್ಡದು, ಯಾವುದು ಸಣ್ಣದು ಎಂಬುದು ಮಾತ್ರ ಮರೆಯುವಂತಿಲ್ಲ. ಅದನ್ನು ಮಾಡಿದವರು ಊರಿನ ಮುದ್ರಣಾಲಯದ ಕಾಕಾ. ಅಚ್ಚಿನ ಮೊಳೆ ಜೋಡಿಸಿ ವಯಸ್ಸು ಕಳೆದು, ಕೊನೆಗಾಲದಲ್ಲಿ ಕಂಪ್ಯೂಟರ್ ಕಲಿತವರು. ನಕ್ಷೆ ಮಾಡುವ ಸಲಕರಣೆ ಅವರಿಗೆ ಒಗ್ಗುತ್ತಿರಲಿಲ್ಲ. ಅದಕ್ಕೆ ಚೌಕಗಳನ್ನು ಒಂದೊಂದಾಗಿ ಎಳೆದು ಕಂಬ ಮಾಡಿ, ಕಂಬದ ತಲೆಯ ಮೇಲೆ ಸಂಖ್ಯೆ ಬರೆದು, ಬುಡದಲ್ಲಿ ಊರ ಹೆಸರು ಇಡುತ್ತಿದ್ದರು. ನೋಡಲು ಅಚ್ಚುಕಟ್ಟು.

ಕಾಕಾ ಇಂಗ್ಲಿಷಿನಲ್ಲಿ ಬರೆದ ಊರ ಹೆಸರುಗಳಲ್ಲಿ ಅಕ್ಷರ ತಪ್ಪಿದ್ದವು. ನಾನು ಆ ಮೂರನ್ನೂ ಅಳಿಸಿ, ಎಡದಿಂದ ಬಲಕ್ಕೆ ಆಳಂದ, ಅಫಜಲಪುರ, ಜೇವರ್ಗಿ ಎಂದು ಹೊಸದಾಗಿ ಬರೆದೆ. ಹೆಸರು, ಸಂಖ್ಯೆ ಎರಡೂ ಬರಹವೇ ಆದ್ದರಿಂದ ಯಂತ್ರ ತಾನೇ ಓದಿಕೊಳ್ಳುತ್ತದೆ, ನಾನು ವಿವರಿಸುವುದೇನೂ ಇಲ್ಲ ಎಂದುಕೊಂಡೆ. ಕಂಬಗಳಿಗೆ ಹಿನ್ನೆಲೆಯಾಗಿ ಕಾಕಾ ಎಳೆದಿದ್ದ ದೊಡ್ಡ ಚೌಕಕ್ಕೆ ‘ಸ್ತಂಭ ನಕ್ಷೆ’ ಎಂದಷ್ಟೇ ಬರೆದೆ. ಪರದೆ ನೋಡಿದೆ. ಸರಿಯಾಗಿತ್ತು. ಕೇಳಲಿಲ್ಲ. ಉಳಿದ ಪ್ರತಿ ಸ್ಲೈಡನ್ನೂ ಕೇಳಿಸಿಕೊಂಡಿದ್ದ ನಾನು ಇದೊಂದನ್ನು ನೋಡಿ ಬಿಟ್ಟೆ.

ಮಾಸ್ತರರು ಅದನ್ನು ಕೇಳಿ ಬ್ರೈಲ್ ಹಾಳೆಗೆ ಇಳಿಸಿಕೊಂಡರು. ನಾಲ್ಕು ದಿನದ ಮೇಲೆ ಜೇವರ್ಗಿಗೆ ಹೋದೆವು.

ಮೊದಲ ಒಂದು ತಾಸು ಎಷ್ಟು ಚೆನ್ನಾಗಿ ನಡೆದಿತ್ತೆಂದರೆ ಹಿಂದಿನ ಸಾಲಿನ ಹಿರಿಯರು ಎಲೆಅಡಿಕೆ ಮೆಲ್ಲುವುದನ್ನೂ ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ಕಂಬದ ಸ್ಲೈಡು ಬಂತು. ಜೇವರ್ಗಿಯವರು ಆ ವರ್ಷ ನಿಜಕ್ಕೂ ದುಡಿದಿದ್ದರು. ಬೀಗದ ಕೈ ಮಕ್ಕಳಿಗೇ ಒಪ್ಪಿಸಿದ ಶಾಲೆಗಳು ಅಲ್ಲಿದ್ದವು. ನೀವೇ ಕೊನೆಯವರು ಎಂದು ಮಾಸ್ತರರು ಹೇಳಿದರು. ನಡುಸಾಲಿನಿಂದ ಒಬ್ಬರು ಎದ್ದರು.

“ಏನ್ರಿ ಮಾಸ್ತರ, ಗ್ವಾಡಿ ಮ್ಯಾಲ ಒಂದದ, ನಿಮ್ಮ ಬಾಯಾಗ ಒಂದದಲ್ರಿ?”

“ನನ್ನ ಹಾಳ್ಯಾಗ ಇದ್ದದ್ದೇ ಹೇಳಾಕತ್ತೇನ್ರಿ ಸರ” ಎಂದರು ಮಾಸ್ತರರು.

“ಹಾಳಿ ಬಿಡ್ರಿ. ಜರಾ ಹಿಂದ ತಿರುಗಿ ಗ್ವಾಡಿ ನೋಡ್ರಿ.” ಆಮೇಲೆ ಬೇಕೆಂದೇ ಸೇರಿಸಿದರು: “ಹಾಂ, ಮಾಫ್ ಮಾಡ್ರಿ. ನಿಮಗ ಹೆಂಗ ಕಾಣಬೇಕು?”

ನಕ್ಕರು. ಎಲ್ಲರೂ ಅಲ್ಲ. ಆದರೆ ಸಾಕಷ್ಟು ಜನ ನಕ್ಕರು. ಕಿಟಕಿಯ ಕಡೆಯಿಂದ ಮತ್ತೊಬ್ಬರು, “ಏ ಸುಮ್ಕಿರ್ಲೇ, ಇವ್ರನ್ನ ಕಳಿಸಿದವ್ರಿಗೂ ಕಣ್ಣಿಲ್ಲೇನೋ” ಎಂದಾಗ ಇನ್ನಷ್ಟು ನಕ್ಕರು. ಮಾಸ್ತರರ ಬೆರಳು ಹಾಳೆಯ ಆ ಸಾಲನ್ನು ಮತ್ತೆ ಓದಿತು, ಮತ್ತೊಮ್ಮೆ ಓದಿತು. ಅವರ ಮುಖ ನನ್ನ ದಿಕ್ಕಿಗೆ ತಿರುಗಿತು. ನಾನು ಎಲ್ಲಿ ನಿಂತಿದ್ದೇನೆ ಎಂದು ಪ್ರೊಜೆಕ್ಟರಿನ ಫ್ಯಾನಿನ ಸದ್ದಿನಿಂದ ಅವರಿಗೆ ಗೊತ್ತಿತ್ತು. ಕಾಯುತ್ತಿದ್ದರು. ಇವರು ಹಾಳೆಗೆ ಇಳಿಸುವಾಗ ತಪ್ಪಿದ್ದಾರೆ, ನಾನು ಎಲ್ಲರೆದುರು ತಿದ್ದಿದರೆ ಇನ್ನಷ್ಟು ಅವಮಾನ ಎಂದು ನಾನು ಯೋಚಿಸುತ್ತಿದ್ದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆ ಹಾಳೆ ತೆಗೆದು ಕೈಯಲ್ಲಿದ್ದ ಮುಂದಿನದನ್ನು ಇಟ್ಟೆ. ನಕ್ಷೆ ಗೋಡೆಯಿಂದ ಹೋಯಿತು. ತಪ್ಪು ಅವರದೇ ಎಂದು ಸಭೆಗೆ ನಾನು ಕೊಟ್ಟ ಸಾಕ್ಷಿ ಅದು.

ಗುಲಬರ್ಗಾದ ತನಕ ಬಸ್ಸಿನಲ್ಲಿ ಬಂದೆವು. ಅಲ್ಲಿ ಆಳಂದದ ಬಸ್ಸಿಗೆ ಕಾಯುವಾಗ ಮಾಸ್ತರರು ಒಂದೇ ಮಾತು ಕೇಳಿದರು:

“ಟೀಚರ್, ಗ್ವಾಡಿ ನಿಮಗ ಕಾಣಸ್ತಿತ್ತಲ್ರಿ. ಯಾಕ ಹೇಳ್ಲಿಲ್ಲ?”

ಅಷ್ಟರಲ್ಲಿ ಬಸ್ಸು ಬಂತು. ಹತ್ತಿದೆವು.

ಮರುದಿನ ನಾನು ಹೋಗುವಷ್ಟರಲ್ಲಿ ಸಾಹೇಬರು ಜೇವರ್ಗಿಯವರಿಂದ ಫೋನಿನಲ್ಲಿ ಕೇಳಿ ಮಾಸ್ತರರ ಫೈಲಿನಲ್ಲಿ ಬರೆದಾಗಿತ್ತು. ‘ದೃಷ್ಟಿ ಇಲ್ಲದ ಕಾರಣ ಅಂಕಿ ಅಂಶಗಳಲ್ಲಿ ತಪ್ಪು ಮಾಡುತ್ತಾರೆ. ತರಬೇತಿ ಕೆಲಸಕ್ಕೆ ಯೋಗ್ಯರಲ್ಲ. ಮೂಲ ಹುದ್ದೆಗೆ ಕಳಿಸಬಹುದು.’ ಮೂರು ವಾಕ್ಯ. ಯಾರನ್ನೂ ಕರೆದು ಕೇಳಿರಲಿಲ್ಲ. ಹಾಳೆ ತರಿಸಿ ನೋಡಿರಲಿಲ್ಲ. ಸಾಹೇಬರು ಕೆಟ್ಟವರಲ್ಲ. ನನ್ನ ಮಗಳಿಗೆ ಟೈಫಾಯಿಡ್ ಆದಾಗ ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ್ದವರು. ಈ ಮೂರು ವಾಕ್ಯ ಬರೆಯುವಾಗಲೂ ಅವರಿಗೆ ಒಂದಿಷ್ಟೂ ಸಂಶಯ ಬಂದಿರಲಿಲ್ಲ ಎನ್ನುವುದೇ ನನ್ನನ್ನು ಇಂದಿಗೂ ಕುದಿಸುತ್ತದೆ. ಕಣ್ಣಿದ್ದ ತರಬೇತುದಾರರು ಅಂಕಿ ತಪ್ಪು ಹೇಳಿದ್ದನ್ನು ನಾನು ಕೇಳಿದ್ದೆ. ಯಾರ ಫೈಲಿನಲ್ಲೂ ‘ದೃಷ್ಟಿ ಇದ್ದ ಕಾರಣ’ ಎಂದು ಬರೆದದ್ದಿಲ್ಲ.

ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಆ ಹೂವಿನ ಬಟ್ಟೆಯನ್ನು ಪರದೆಯ ಮೇಲೆ ಇಳಿಬಿಟ್ಟೆ. ಕಂಬದ ಸ್ಲೈಡಿಗೆ ಹೋಗಿ, ಒಂದೊಂದೇ ಟ್ಯಾಬ್ ಒತ್ತುತ್ತ ಯಂತ್ರ ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಬರೆದುಕೊಂಡೆ. ತಲೆಬರಹ. ‘ಸ್ತಂಭ ನಕ್ಷೆ’. ಆಮೇಲೆ ‘ರೆಕ್ಟ್ಯಾಂಗಲ್’, ಅಂದರೆ ಕಂಬವಾಗಿ ಎಳೆದ ಚೌಕ, ಅದರ ಸಂಖ್ಯೆ, ದೊಡ್ಡದು. ‘ರೆಕ್ಟ್ಯಾಂಗಲ್’, ನಡುವಿನ ಸಂಖ್ಯೆ. ‘ರೆಕ್ಟ್ಯಾಂಗಲ್’, ಸಣ್ಣ ಸಂಖ್ಯೆ. ಕೊನೆಗೆ ಹೆಸರುಗಳು: ಆಳಂದ, ಅಫಜಲಪುರ, ಜೇವರ್ಗಿ.

ಮೂರು ಸಂಖ್ಯೆ, ಮೂರು ಹೆಸರು. ಮೊದಲ ಸಂಖ್ಯೆಗೆ ಮೊದಲ ಹೆಸರು ಹೊಂದಿಸದೆ ಇನ್ನೇನು ಮಾಡಬೇಕು? ಕಂಬ ಎತ್ತರವೋ ಗಿಡ್ಡವೋ ಎಂಬುದನ್ನು ಯಂತ್ರ ಹೇಳುವುದಿಲ್ಲ. ಆ ಸಂಖ್ಯೆ ಯಾವ ಕಂಬದ ಮೇಲಿದೆ ಎಂಬುದನ್ನೂ ಹೇಳುವುದಿಲ್ಲ. ಮಾಸ್ತರರ ಹಾಳೆ ತರಿಸಿ ಪಕ್ಕದಲ್ಲಿಟ್ಟು, ಅವರಿಂದಲೇ ಓದಿಸಿದೆ. ಯಂತ್ರ ಹೇಳಿದ್ದಕ್ಕೂ ಅವರ ಹಾಳೆಗೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಅವರು ತಪ್ಪಿರಲಿಲ್ಲ. ನಾನು ತಪ್ಪಿದ್ದೆ.

ಆದರೆ ಸಂಖ್ಯೆಗಳೇಕೆ ಹಿಂದುಮುಂದಾಗಿವೆ? ನಾವಿಬ್ಬರೂ ಕಾಕಾನ ಮುದ್ರಣಾಲಯಕ್ಕೆ ಹೋದೆವು. ಅಲ್ಲಿ ಯಾವುದೋ ಮದುವೆಯ ಪತ್ರಿಕೆ ನಡೆದಿತ್ತು. ನಾನು ಕೇಳಿದ್ದಕ್ಕೆ ಕಾಕಾ ಬಾಯಲ್ಲಿ ಏನೂ ಹೇಳದೆ ಒಂದು ಖಾಲಿ ಪುಟ ತೆಗೆದು ಮೂರು ಕಂಬ ಎಳೆದು ತೋರಿಸಿದರು. ಮೊದಲ ಕಂಬ ಎಳೆದದ್ದು ಬಲತುದಿಗೆ. ಅದರ ಸಂಖ್ಯೆ ಬರೆದು ಎಡಕ್ಕೆ ಸರಿದರು.

“ನಾ ಸಾಲಿ ಕಲತದ್ದು ನಿಜಾಮನ ರಾಜ್ಯದಾಗ, ತಂಗಿ. ಉರ್ದೂ ಸಾಲಿ, ಬಲಕ್ಕಿಂದ ಎಡಕ್ಕ ಬರಿಯೂದು. ಮೂವತ್ತು ವರ್ಷ ಉರ್ದೂ ಮೊಳಿ ಜೋಡಿಸೇನಿ. ಕನ್ನಡ ಎಡಕ್ಕಿಂದ ಬರೀತೇನಿ ಖರೆ, ಆದ್ರ ಚೌಕ ಹಾಕು ಅಂದ್ರ ನನ್ನ ಕೈ ಬಲಕ್ಕೇ ಹೋಗ್ತದ. ಕಾಗದಕ್ಕೇನ್ ಫರಕ್ ಆಗ್ತದ? ಎಲ್ಲಾ ಕೂಡೇ ಕಾಣಸ್ತದಲ್ಲ.”

ಕಾಗದಕ್ಕೆ ಫರಕ್ ಇರಲಿಲ್ಲ. ಯಂತ್ರಕ್ಕಿತ್ತು. ಸ್ಲೈಡಿನ ಮೇಲೆ ವಸ್ತುಗಳು ಒಂದರ ಮೇಲೊಂದು ಹಾಳೆಗಳಂತೆ ಪೇರಿರುತ್ತವೆ. ಮೊದಲು ಮಾಡಿದ್ದು ಎಲ್ಲಕ್ಕಿಂತ ಹಿಂದೆ, ಕೊನೆಗೆ ಮಾಡಿದ್ದು ಎಲ್ಲಕ್ಕಿಂತ ಮುಂದೆ. ಯಂತ್ರ ಹಿಂದಿನದರಿಂದ ಶುರುಮಾಡಿ ಮುಂದಿನದರ ಕಡೆಗೆ ಓದುತ್ತ ಬರುತ್ತದೆ. ಎಡ ಬಲ ಅದಕ್ಕೆ ತಿಳಿಯದು. ಕಾಕಾ ಊರ ಹೆಸರುಗಳನ್ನೂ ಬಲಗಡೆಯಿಂದಲೇ ಬರೆದಿದ್ದರು. ಅವು ಹಾಗೇ ಉಳಿದಿದ್ದರೆ ಮೊದಲ ಸಂಖ್ಯೆಗೆ ಮೊದಲ ಹೆಸರಾಗಿ ಜೇವರ್ಗಿಯೇ ಬರುತ್ತಿತ್ತು. ಅಕ್ಷರ ತಿದ್ದುವ ಉತ್ಸಾಹದಲ್ಲಿ ಹೆಸರುಗಳನ್ನು ಎಡದಿಂದ ಬರೆದು ಎರಡರ ಜೋಡಿ ಮುರಿದವಳು ನಾನು.

ಮಾಸ್ತರರು ಇದನ್ನು ಕೇಳಿ ಜೇವರ್ಗಿಯಿಂದ ಬಂದ ಮೇಲೆ ಮೊದಲ ಸಲ ನಕ್ಕರು.

“ಕಾಕಾ, ನಾನೂ ಬಲಕ್ಕಿಂದನೇ ಬರಿಯಾವ್ರಿ.” ಚೀಲದಿಂದ ಬ್ರೈಲ್ ಪಟ್ಟಿ, ಚುಕ್ಕಿ ಚುಚ್ಚುವ ಮೊಳೆ ತೆಗೆದು ಕಾಕಾನ ಕೈಗೆ ಕೊಟ್ಟರು. ಹಾಳೆಯ ಹಿಂಬದಿಯಿಂದ ಚುಚ್ಚಬೇಕಾದ್ದರಿಂದ ಬರೆಯುವುದು ಬಲದಿಂದ ಎಡಕ್ಕೆ. “ಆದ್ರ ಓದೂಕಿಂತ ಮೊದ್ಲ ಹಾಳಿ ತಿರುವಿ ಹಾಕ್ತೇನಿ.”

“ನನ್ನ ಹಾಳಿ ಯಾರೂ ತಿರುವಿ ಹಾಕ್ಲಿಲ್ಲಪಾ” ಎಂದರು ಕಾಕಾ. ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಮಧ್ಯಾಹ್ನ ಸಾಹೇಬರನ್ನು ಕಂಪ್ಯೂಟರಿನ ಮುಂದೆ ಕೂಡಿಸಿದೆ. ಪರದೆಗೆ ಬಟ್ಟೆ ಮುಚ್ಚಿ, ಕೈಗೆ ಪೆನ್ನು ಕೊಟ್ಟು, ಕೇಳಿದ್ದನ್ನು ಬರೆದುಕೊಂಡು ಯಾವ ತಾಲ್ಲೂಕು ಕೊನೆಯದು ಹೇಳಿ ಎಂದೆ. ನಗುತ್ತಲೇ ಕುಳಿತರು. ಬರೆದುಕೊಂಡರು.

“ಜೇವರ್ಗಿ” ಎಂದರು.

ಬಟ್ಟೆ ತೆಗೆದೆ. ಅವರು ಪರದೆಯನ್ನೂ ತಮ್ಮ ಚೀಟಿಯನ್ನೂ ಎರಡು ಮೂರು ಸಲ ನೋಡಿದರು.

“ಹಂಗಾದ್ರ ಇದು ಮಷೀನಿನ ದೋಷ ಅದ.”

“ಮಷೀನಿಂದಲ್ರಿ ಸರ. ನಂದು.”

“ಆದ್ರೂ ಮೇಡಂ, ಅವ್ರಿಗರ ಸಂಶಯ ಬರಬೇಕಿತ್ತಲ್ಲ?”

ನಾನು ನನ್ನ ಸರ್ವೀಸಿನಲ್ಲಿ ಮೇಲಿನವರಿಗೆ ಎದುರು ಮಾತಾಡಿದವಳಲ್ಲ. ಅಂದು ನನ್ನ ದನಿ ಹಜಾರದ ತನಕ ಕೇಳಿತಂತೆ.

“ಈಗ ಇಲ್ಲಿ ಕುಂತು ಬರದ್ರಲ್ರಿ ಸರ, ನಿಮಗ ಬಂತೇನ್ರಿ ಸಂಶಯ? ನಿಮ್ಮ ಫೈಲಿನ್ಯಾಗ ನಾ ಏನಂತ ಬರೀಲಿ?”

ಅವರ ಮುಖ ಕೆಂಪಾಯಿತು. ಬರೆದದ್ದನ್ನು ಹೊಡೆದುಹಾಕಲು ಬರುವುದಿಲ್ಲ, ಕಚೇರಿಯ ಪದ್ಧತಿ ಹಾಗಿಲ್ಲ, ಬೇಕಾದರೆ ‘ತಾಂತ್ರಿಕ ದೋಷ’ ಎಂದು ಕೆಳಗೊಂದು ಸಾಲು ಸೇರಿಸುತ್ತೇನೆ ಎಂದರು. ತಾಂತ್ರಿಕ ದೋಷ! ಒಬ್ಬ ಮನುಷ್ಯನನ್ನು ಬೆತ್ತದ ವರಾಂಡಕ್ಕೆ ತಳ್ಳುವಾಗ ಕಾರಣ ಅವನ ಕಣ್ಣು. ತಪ್ಪು ಕಣ್ಣಿದ್ದವಳದ್ದು ಎಂದು ಗೊತ್ತಾದಾಗ ಕಾರಣ ಯಾರೂ ಅಲ್ಲದ ಒಂದು ತಾಂತ್ರಿಕತೆ. ನಾನು ಒಪ್ಪಲಿಲ್ಲ. ನನ್ನ ಹೆಸರಿನಲ್ಲಿ, ನನ್ನ ಸಹಿಯಲ್ಲಿ ಪ್ರತ್ಯೇಕ ಟಿಪ್ಪಣಿ ಕೊಡುತ್ತೇನೆ, ಫೈಲಿನಲ್ಲಿ ಇಡಿ ಎಂದೆ. ಅವರು, “ಕೊಡ್ರಿ. ನಿಮ್ಮ ಮ್ಯಾಲೇ ಬರ್ತದ ನೋಡ್ರಿ ಮತ್ತ” ಎಂದರು.

ಮೊದಲು ಸ್ಲೈಡು ಸರಿಮಾಡಿದೆ. ನನಗೆ ಬೇಕಾದ ಕ್ರಮದಲ್ಲಿ ಒಂದೊಂದನ್ನೇ ಹಿಡಿದು ‘ಎಲ್ಲಕ್ಕಿಂತ ಮುಂದಕ್ಕೆ ತಾ’ ಎಂಬ ಆಜ್ಞೆ ಕೊಡುತ್ತ ಹೋದೆ: ತಲೆಬರಹ, ಹಿಂದಿನ ದೊಡ್ಡ ಚೌಕ, ಆಮೇಲೆ ಆಳಂದದ ಹೆಸರು, ಕಂಬ, ಸಂಖ್ಯೆ, ಹಾಗೆಯೇ ಉಳಿದೆರಡು. ಪ್ರತಿ ಕಂಬದ ವಿವರಣೆಯಲ್ಲಿ ಅದು ಯಾವ ತಾಲ್ಲೂಕಿನದು ಎಂದು ಬರೆದೆ. ದೊಡ್ಡ ಚೌಕಕ್ಕೆ, ಇದು ಏನನ್ನು ಎಣಿಸುವ ನಕ್ಷೆ, ಯಾವ ತಾಲ್ಲೂಕಿಗೆ ಎಷ್ಟು, ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಮೂರು ವಾಕ್ಯದಲ್ಲಿ ಪೂರ್ತಿ ಬರೆದೆ. ಒಂದು ದಾರಿ ತಪ್ಪಿದರೆ ಇನ್ನೊಂದು ದಾರಿಯಿಂದಲಾದರೂ ನಿಜ ತಲುಪಬೇಕು. ದೊಡ್ಡ ಚೌಕ ಮುಂದಕ್ಕೆ ಬಂದಾಗ ಉಳಿದದ್ದನ್ನೆಲ್ಲ ಮುಚ್ಚಿತು. ಒಂದೊಂದೇ ಅದರ ಮುಂದೆ ಬಂದ ಮೇಲೆ ನಕ್ಷೆ ಮತ್ತೆ ಮೊದಲಿನಂತೆಯೇ ಕಂಡಿತು. ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಬಟ್ಟೆ ಮುಚ್ಚಿ ಕೇಳಿದೆ.

ಟಿಪ್ಪಣಿಯನ್ನು ಮೊದಲು ಇಂಗ್ಲಿಷಿನಲ್ಲಿ ಕಂಪ್ಯೂಟರಿನಲ್ಲೇ ಬರೆದೆ. ತಮ್ಮ ಬಗ್ಗೆ ಬರೆದದ್ದನ್ನು ಮಾಸ್ತರರು ತಾವೇ ಕೇಳಬೇಕಿತ್ತು. ಅವರು ಒಂದು ಕಡೆ ನಿಲ್ಲಿಸಿದರು.

“‘ದುರದೈವದಿಂದ ದೃಷ್ಟಿ ಕಳಕೊಂಡ ಇವರು’ ಅಂತ ಬರದೀರಿ. ನಾ ಕಳಕೊಂಡಿಲ್ರಿ. ಹುಟ್ಟಾಗ ಇರ್ಲಿಲ್ಲ. ಮತ್ತ ಈ ಮಾತು ಇಲ್ಲಿ ಯಾಕ ಬೇಕು? ಏನಾತು ಅಷ್ಟು ಬರೀರಿ.”

ತೆಗೆದೆ. ಇನ್ನೊಂದು ಸಾಲನ್ನು ಅವರು ಕೇಳದೆ ನಾನೇ ಸೇರಿಸಿದೆ: ಜೇವರ್ಗಿಯ ಸಭೆಯಲ್ಲಿ ಹಾಳೆ ಮತ್ತು ಗೋಡೆ ಬೇರೆಯಾಗಿರುವುದು ನನಗೆ ಕಾಣುತ್ತಿತ್ತು, ನಾನು ಹೇಳಲಿಲ್ಲ. ಯಂತ್ರ ಅದನ್ನು ತನ್ನ ಏರಿಳಿತವಿಲ್ಲದ ದನಿಯಲ್ಲಿ ಓದಿತು. ಮಾಸ್ತರರು ಮತ್ತೊಮ್ಮೆ ಓದಿಸಿ ಕೇಳಿದರು.

“ಇದು ಫೈಲಿನ್ಯಾಗ ಎಲ್ಲಿ ಹೋಗ್ತದ್ರಿ?” ಎಂದರು.

“ಸಾಹೇಬ್ರು ಬರದದ್ರ ಕೆಳಗ.”

“ಹಂಗಾದ್ರ ಅದೇ ಸ್ಲೈಡ್ ಆತಲ್ರಿ ಟೀಚರ್. ಗುಲಬರ್ಗಾದಾಗ ಯಾವನೋ ಫೈಲ್ ತಗೀತಾನ. ಮೊದಲ ಹಾಳ್ಯಾಗ ‘ಯೋಗ್ಯರಲ್ಲ’ ಓದ್ತಾನ. ಅಲ್ಲೇ ಮುಗೀತು. ಎರಡನೇ ಹಾಳಿ ಯಾಂವ ಓದ್ತಾನ್ರಿ?”

ನಾನು ಫೈಲು ಹಿಡಿದು ಸಾಹೇಬರ ಕೋಣೆಗೆ ಹೋದೆ. ಎರಡು ಬೇಡಿಕೆ ಇಟ್ಟೆ. ನನ್ನ ಹಾಳೆ ಮೇಲಿರಬೇಕು. ತಿದ್ದಿದ ಸ್ಲೈಡನ್ನು ಅದೇ ಜೇವರ್ಗಿಯ ಸಭೆಗೆ ಅದೇ ಮಾಸ್ತರರು ತೋರಿಸಬೇಕು, ಅದಕ್ಕಿಂತ ಮೊದಲು ನಾನು ಎದ್ದು ತಪ್ಪು ಯಾರದೆಂದು ಹೇಳಬೇಕು. ಎರಡನೆಯದಕ್ಕೆ ಅವರು ಕೂಡಲೇ ಒಪ್ಪಿದರು. ಮೊದಲನೆಯದಕ್ಕೆ ದಿನಾಂಕದ ಕ್ರಮ, ಪುಟಸಂಖ್ಯೆ, ಪದ್ಧತಿ ಎಂದು ಅರ್ಧ ತಾಸು ವಾದಿಸಿದರು. ಒಬ್ಬರ ಜೀವನಕ್ಕಿಂತ ಒಂದು ದಾರದಲ್ಲಿ ಹಾಳೆ ಪೋಣಿಸುವ ಕ್ರಮ ದೊಡ್ಡದಾಗಿತ್ತು. ಕೊನೆಗೆ ತಮ್ಮ ಚೀಟಿ, ಬಟ್ಟೆ ಮುಚ್ಚಿದ ಪರದೆಯ ಮುಂದೆ ಜೇವರ್ಗಿಗೆ ಸಣ್ಣ ಸಂಖ್ಯೆ ಹಾಕಿ ತಾವೇ ಬರೆದದ್ದು, ಇನ್ನೂ ನನ್ನ ಕೈಯಲ್ಲಿರುವುದನ್ನು ಕಂಡರು. ದಾರ ಬಿಚ್ಚಿದರು.

ಹದಿನೈದು ದಿನದ ಮೇಲೆ ಜೇವರ್ಗಿಯಲ್ಲಿ ನಾನು ಎದ್ದು ನಿಂತು ಹೇಳಿದೆ. ಅಂದು ಗೋಡೆಯ ಮಾತೆತ್ತಿದವರೇ ಮುಂದಿನ ಸಾಲಿನಲ್ಲಿದ್ದರು. ಮುಗಿದ ಮೇಲೆ ಮಾಸ್ತರರ ಕೈ ಹಿಡಿದು, “ತಪ್ಪಾತ್ರಿ ಮಾಸ್ತರ” ಎಂದರು. “ನಿಮ್ಮ ಶಾಲ್ಯಾಗಿನ ಪೆಟಗಿ ಬೀಗದ ಕೈ ಯಾರ ಹತ್ರ ಅದ, ಅದು ಹೇಳ್ರಿ ಮೊದ್ಲ” ಎಂದರು ಮಾಸ್ತರರು. ಸಭೆ ನಕ್ಕಿತು, ಈ ಸಲ ಅವರೊಂದಿಗೆ.

ಕಾಯಂ ಆಯಿತೇ ಎಂದು ಕೇಳಿದರೆ, ಆಯಿತು. ಆದರೆ ಮೇಲಿನ ಕಚೇರಿ, ಫೈಲಿನಲ್ಲಿ ಎರಡು ಅಭಿಪ್ರಾಯಗಳಿವೆ ಎಂಬ ಕಾರಣ ಹೇಳಿ ಅವರ ಪರೀಕ್ಷಾ ಅವಧಿಯನ್ನು ಇನ್ನೂ ಆರು ತಿಂಗಳು ಮುಂದಕ್ಕೆ ಹಾಕಿತು. ತಪ್ಪು ಮಾಡಿದ ನನ್ನನ್ನು ಯಾರೂ ಒಂದು ದಿನವೂ ಪರೀಕ್ಷಿಸಲಿಲ್ಲ. ಆ ಆರು ತಿಂಗಳು ಮಾಸ್ತರರು ಪ್ರತಿ ಸ್ಲೈಡನ್ನೂ ನನ್ನಿಂದ ಬಟ್ಟೆ ಮುಚ್ಚಿ ಕೇಳಿಸಿದರು. ನಾನು ಕೇಳಿ ಬರೆದುಕೊಂಡದ್ದು ಅವರ ಹಾಳೆಗೆ ತಾಳೆಯಾದ ಮೇಲೆಯೇ ನಾವು ಬಸ್ಸು ಹತ್ತುತ್ತಿದ್ದೆವು.